ಅವ್ವನ ಅಗಸಿ ಹಿಂಡಿ ಮತ್ತು ಪಾಚಿ ಗುಳಿಗೆ

ಊರಿಂದ ಪಾರ್ಸೆಲ್ ಬರುವ ದಿನ ಬೆಳಗ್ಗೆ ಐದೂವರೆಗೆ ಗೊರಗುಂಟೆಪಾಳ್ಯದಲ್ಲಿ ನಿಂತಿರಬೇಕು. ನರಗುಂದದ ಕಡೆಯಿಂದ ಬರುವ ರಾತ್ರಿ ಬಸ್ಸು ಅಲ್ಲಿ ಎರಡು ನಿಮಿಷ ನಿಲ್ಲುತ್ತೆ. ಕಂಡಕ್ಟರು ಸೀಟಿನ ಕೆಳಗಿಂದ ಚೀಲ ಎಳೆದು ಕೊಟ್ಟು, "ಅಗಸಿ ಹಿಂಡಿ ಐತಿ ನೋಡ್ರಿ, ಇಡೀ ರಾತ್ರಿ ಗಮ್ ಅಂತಿತ್ತು" ಅಂತಾನೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಇದ್ದರೂ ನನ್ನ ಅಡುಗೆಮನೆಯ ಅರ್ಧ ಭಾಗ ಇನ್ನೂ ಆ ಬಸ್ಸಿನ ಸೀಟಿನ ಕೆಳಗೇ ಪ್ರಯಾಣ ಮಾಡುತ್ತೆ.

ಆ ಸಲ ಚೀಲ ಎಂದಿಗಿಂತ ಭಾರ ಇತ್ತು. ಸ್ಮಿತಾಗೆ ಮೂರು ತಿಂಗಳು ಅಂತ ಅವ್ವನಿಗೆ ಹೇಳಿ ಒಂದು ವಾರ ಆಗಿತ್ತಷ್ಟೇ. ಫೋನಿನಲ್ಲಿ ಅವ್ವನ ಆದೇಶ ಸ್ಪಷ್ಟವಾಗಿತ್ತು: "ದಿನಾ ಎರಡು ಚಮಚಾ ಹಿಂಡಿ, ಮ್ಯಾಲೆ ತುಪ್ಪ. ಬಿಡಾಕ ಹೋಗಬ್ಯಾಡ್ರಿ. ಕೂಸಿನ ತಲಿ ಚುರುಕ ಆಗತೈತಿ."

ನನಗೆ ಒಳಗೊಳಗೇ ಹೆಮ್ಮೆ. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಫ್ಲ್ಯಾಕ್ಸ್ ಸೀಡ್ಸ್ ಅನ್ನೋ ಲೇಬಲ್ ಹೊತ್ತ ಗಾಜಿನ ಜಾಡಿ ಬಂದು ಕೂತಿದ್ದು ಈಚೆಗೆ. ನಮ್ಮೂರಿನ ಎರಿ ಹೊಲದಲ್ಲಿ ಕಡಲೆ, ಗೋಧಿ ಸಾಲುಗಳ ಮಧ್ಯೆ ಅಕ್ಕಡಿಯಾಗಿ ನೀಲಿ ಹೂ ಬಿಡುತ್ತಿದ್ದ ಅದೇ ಅಗಸಿಗೆ ಇಂಗ್ಲಿಷ್ ಹೆಸರು ಬಂದ ಕೂಡಲೇ ಒಮೆಗಾ 3 ಅನ್ನೋ ಬಿರುದೂ ಬಂದಿತ್ತು. "ಅವ್ವ ಐವತ್ತು ವರ್ಷದಿಂದ ಮಾಡ್ತಿರೋದನ್ನ ವಿಜ್ಞಾನ ಈಗ ಕಂಡುಹಿಡೀತು" ಅಂತ ಸಹೋದ್ಯೋಗಿಗಳಿಗೆ ಭಾಷಣ ಬಿಗಿದೆ. ಎಷ್ಟಿದ್ದರೂ ಇಂಜಿನಿಯರು ನೋಡಿ, ಬ್ಯಾಕಪ್ ಇಲ್ಲದೆ ನಿದ್ದೆ ಬರಲ್ಲ. ಹಿಂಡಿಯ ಜೊತೆಗೆ ಒಂದು ಬಾಟಲಿ ಗುಳಿಗೆಯನ್ನೂ ತಂದೆ. ಹಸಿರು ಚುಕ್ಕೆ, ಎಲೆಯ ಚಿತ್ರ, ದಪ್ಪ ಅಕ್ಷರದಲ್ಲಿ "ಸಸ್ಯಾಹಾರಿ ಒಮೆಗಾ 3, 1000 ಮಿಲಿಗ್ರಾಂ". ದಿನಕ್ಕೊಂದು.

ಐದನೇ ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರು, "ಡಿಎಚ್‌ಎ ತಗೋತಿದ್ದೀರಾ?" ಅಂತ ಕೇಳಿದರು. ಪರೀಕ್ಷೆಯಲ್ಲಿ ಓದಿಕೊಂಡ ಪ್ರಶ್ನೆಯೇ ಬಂದಷ್ಟು ಖುಷಿಯಿಂದ ನಾನು ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಮುಂಭಾಗ ನೋಡಲೇ ಇಲ್ಲ. ಬಾಟಲಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರದ ಪಟ್ಟಿಯ ಮೇಲೆ ಪೆನ್ನಿಟ್ಟು, ನನ್ನ ಕಡೆ ತಳ್ಳಿದರು.

"ಇದರಲ್ಲಿ ಡಿಎಚ್‌ಎ ಎಲ್ಲಿದೆ, ತೋರಿಸಿ."

ಓದಿದೆ. ಅಗಸೆ ಎಣ್ಣೆ 1000 ಮಿಲಿಗ್ರಾಂ. ಅದರಲ್ಲಿ ಎಎಲ್‌ಎ 500 ಮಿಲಿಗ್ರಾಂ. ಅಲ್ಲಿಗೆ ಪಟ್ಟಿ ಮುಗಿದಿತ್ತು. ಡಿಎಚ್‌ಎ ಅನ್ನೋ ಮೂರಕ್ಷರ ಬಾಟಲಿಯ ಯಾವ ಮೂಲೆಯಲ್ಲೂ ಇರಲಿಲ್ಲ. ಬಾಟಲಿ ಸುಳ್ಳು ಹೇಳಿರಲಿಲ್ಲ, ನಾನೇ ಓದಿರಲಿಲ್ಲ. ಸ್ಮಿತಾ ನನ್ನ ಮುಖ ನೋಡಿದಳು. ಎರಡು ತಿಂಗಳು ದಿನಾ ರಾತ್ರಿ "ಗುಳಿಗೆ ತಗೊಂಡ್ಯಾ?" ಅಂತ ಅವಳ ಹಿಂದೆ ಬಿದ್ದಿದ್ದವನು ನಾನೇ.

ಆವತ್ತು ರಾತ್ರಿ ಕೂತು ಓದೋಕೆ ಶುರು ಮಾಡಿದೆ. ಮೊದಲು ಗೊತ್ತಾಗಿದ್ದು, ಒಮೆಗಾ 3 ಅನ್ನೋದು ಒಂದು ವಸ್ತುವಿನ ಹೆಸರಲ್ಲ, ಮನೆತನದ ಹೆಸರು ಅಂತ. ನಮ್ಮೂರಲ್ಲಿ "ಪಾಟೀಲರು ಬಂದಿದ್ರು" ಅಂದರೆ "ಯಾವ ಪಾಟೀಲರು?" ಅಂತ ಕೇಳಲೇಬೇಕು. ಇಲ್ಲೂ ಹಾಗೇ. ಮನೆಯಲ್ಲಿ ಮುಖ್ಯವಾಗಿ ಮೂವರಿದ್ದಾರೆ. ಎಎಲ್‌ಎ ಗಿಡಗಳಲ್ಲಿ ಸಿಗುವ ಚಿಕ್ಕವನು. 18 ಇಂಗಾಲದ ಸರಪಳಿ, ಅದರಲ್ಲಿ ಮೂರು ಜೋಡಿಬಂಧ. ಇಪಿಎ ನಡುವಿನವನು, 20 ಇಂಗಾಲ, ಐದು ಜೋಡಿಬಂಧ. ಡಿಎಚ್‌ಎ ಎಲ್ಲರಿಗಿಂತ ಉದ್ದ, 22 ಇಂಗಾಲ, ಆರು ಜೋಡಿಬಂಧ. ಮೆದುಳಿನಲ್ಲಿ, ಕಣ್ಣಿನ ಅಕ್ಷಿಪಟಲದಲ್ಲಿ ಹೋಗಿ ಕೂರೋದು ಈ ಕೊನೆಯವನು. ಗರ್ಭದಲ್ಲಿರುವ ಮಗುವಿನ ಮೆದುಳು ಇದನ್ನು ಅತಿ ಹೆಚ್ಚು ಕೂಡಿಟ್ಟುಕೊಳ್ಳೋದು ಕೊನೆಯ ಮೂರು ತಿಂಗಳಲ್ಲಿ. ಅಂದರೆ ನಮಗೆ ಇನ್ನೂ ಹೊತ್ತಿತ್ತು, ಆದರೆ ಕಾಲಹರಣ ಮಾಡುವಷ್ಟಿರಲಿಲ್ಲ.

ಅಗಸಿಯಲ್ಲಿ, ಅಕ್ರೋಟಿನಲ್ಲಿ ಇರೋದೆಲ್ಲ ಎಎಲ್‌ಎ. ಡಿಎಚ್‌ಎ ಸೊನ್ನೆ. ಅಕ್ರೋಟು ಮೆದುಳಿನ ಆಕಾರದಲ್ಲಿದೆ, ಅದಕ್ಕೇ ಮೆದುಳಿಗೆ ಒಳ್ಳೇದು ಅಂತ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಬರುತ್ತಲ್ಲ, ಆ ಆಕಾರಕ್ಕೂ ಡಿಎಚ್‌ಎಗೂ ಯಾವ ಸಂಬಂಧವೂ ಇಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ನಮ್ಮ ದೇಹಕ್ಕೆ, ಮುಖ್ಯವಾಗಿ ಯಕೃತ್ತಿಗೆ, ಎಎಲ್‌ಎಯನ್ನು ಎಳೆದು ಉದ್ದ ಮಾಡಿ, ಜೋಡಿಬಂಧ ಸೇರಿಸಿ, ಇಪಿಎ ಮಾಡಿ, ಮುಂದೆ ಡಿಎಚ್‌ಎ ಮಾಡಲು ಬರುತ್ತೆ. ಸಸ್ಯಾಹಾರಿಗಳು ಕುರುಡರಾಗದೆ, ಮರುಳರಾಗದೆ ಸಾವಿರಾರು ವರ್ಷ ಬದುಕಿರೋದು ಇದರಿಂದಲೇ. ಪ್ರಶ್ನೆ ಇರೋದು ಎಷ್ಟು ತಯಾರಾಗುತ್ತೆ ಅನ್ನೋದರಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಹಾಯಕ್ಕೆ ಬಂದಿದ್ದು ನಾಲ್ಕು ವರ್ಷದ ಬಿಇ ಅಲ್ಲ, ನಮ್ಮ ಹೊಲ.

ನಮ್ಮದು ಮಲಪ್ರಭಾ ಕಾಲುವೆಯ ಕೊನೆಯ ಭಾಗದ ಹೊಲ. ಸರ್ಕಾರಿ ನಕಾಶೆಯಲ್ಲಿ ಅದು ನೀರಾವರಿ ಜಮೀನು. ಡ್ಯಾಮಿನಿಂದ ನೀರು ಬಿಟ್ಟರು ಅಂತ ಪೇಪರಿನಲ್ಲಿ ಸುದ್ದಿ ಬರುತ್ತೆ, ಅಪ್ಪ ಸಲಿಕೆ ಹೆಗಲಿಗಿಟ್ಟುಕೊಂಡು ಬದುವಿನ ಮೇಲೆ ಕೂರುತ್ತಾನೆ. ಮೇಲಿನವರು ತಮ್ಮ ಹೊಲ ತುಂಬಿಸಿಕೊಳ್ಳಬೇಕು, ಒಂದಷ್ಟು ಇಂಗಬೇಕು, ಗೇಟು ಪೂರ್ತಿ ಏಳಬೇಕು. ಎಲ್ಲ ಆಗಿ ನಮ್ಮ ಹೊಲಕ್ಕೆ ಬರುವಾಗ ಅದು ಕಾಲುವೆ ನೀರಲ್ಲ, ಕಾಲು ತೊಳೆಯುವಷ್ಟು ನೀರು. ಡ್ಯಾಮು ತುಂಬಿದೆ ಅನ್ನೋದೂ ನಿಜ, ನಮ್ಮ ಜೋಳ ಒಣಗಿದೆ ಅನ್ನೋದೂ ನಿಜ.

ಎಎಲ್‌ಎ ಕಥೆ ಥೇಟ್ ಇದೇ. ತಿಂದದ್ದರಲ್ಲಿ ದೊಡ್ಡ ಪಾಲನ್ನು ದೇಹ ಬೇರೆ ಎಣ್ಣೆ-ಕೊಬ್ಬಿನ ಹಾಗೇ ಶಕ್ತಿಗಾಗಿ ಉರಿಸಿಬಿಡುತ್ತೆ. ಅದು ಮೇಲಿನ ಹೊಲ. ಉಳಿದದ್ದು ಒಂದು ಗೇಟಿಗೆ ಬರುತ್ತೆ. ಆ ಗೇಟು ಒಂದು ಕಿಣ್ವ, ಡೆಲ್ಟಾ-6 ಡೀಸ್ಯಾಚುರೇಸ್ ಅಂತ ಅದರ ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಗೇಟು ಅಂತ ನೆನಪಿಟ್ಟುಕೊಳ್ಳಿ. ಈ ಗೇಟಿನ ಮುಂದೆ ಎಎಲ್‌ಎ ಒಂದೇ ಕಾದಿರಲ್ಲ. ಒಮೆಗಾ 6 ಮನೆತನದ ಲಿನೋಲಿಕ್ ಆಮ್ಲವೂ ಅದೇ ಗೇಟಿನಲ್ಲಿ ಹಾಯಬೇಕು. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಅದೇ. ಒಗ್ಗರಣೆ, ಚಪಾತಿ, ಸಂಜೆಯ ಬಜ್ಜಿ ಎಲ್ಲ ಸೇರಿ ನಾವು ತಿನ್ನುವ ಲಿನೋಲಿಕ್ ಎದುರು ಎಎಲ್‌ಎ ಯಾವಾಗಲೂ ಅಲ್ಪಸಂಖ್ಯಾತ.

ನನಗೆ ಹೊಸದಾಗಿ ಕಂಡದ್ದು ಇದಕ್ಕಿಂತ ಮುಂದಿನ ಸಂಗತಿ. ಡಿಎಚ್‌ಎ ಆಗಬೇಕಾದರೆ ಈ ಗೇಟನ್ನು ಒಂದು ಸಲ ದಾಟಿದರೆ ಸಾಲದು. ಶುರುವಿನಲ್ಲಿ ಒಮ್ಮೆ ದಾಟಿ ಇಪಿಎ ಆಗುತ್ತೆ. ಅಲ್ಲಿಂದ ಸರಪಳಿ 24 ಇಂಗಾಲದವರೆಗೆ ಬೆಳೆಯುತ್ತೆ, ಆಮೇಲೆ ಅದೇ ಡೆಲ್ಟಾ-6 ಗೇಟಿಗೆ ಮತ್ತೆ ಬರುತ್ತೆ. ಎರಡನೇ ಸಲ ದಾಟಿದ ಮೇಲೆ ಬಾಲದ ಎರಡು ಇಂಗಾಲ ಕತ್ತರಿಸಿಕೊಂಡು 22ರ ಡಿಎಚ್‌ಎ ಆಗುತ್ತೆ. ಈಗ ಯೋಚನೆ ಮಾಡಿ. ಡಿಎಚ್‌ಎ ಸಾಲುತ್ತಿಲ್ಲ ಅಂತ ನೀವು ಎರಡು ಚಮಚದ ಬದಲು ಆರು ಚಮಚ ಅಗಸಿ ತಿಂದರೆ ಏನಾಗುತ್ತೆ? ಗೇಟಿನ ಮುಂದೆ ಹೊಸ ಎಎಲ್‌ಎಯ ಗುಂಪು ಇನ್ನೂ ದೊಡ್ಡದಾಗುತ್ತೆ, ಎರಡನೇ ಸಲ ದಾಟಲು ಬಂದವರಿಗೆ ಜಾಗ ಸಿಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸರ್ವರ್ ಒಂದೇ, ರಿಕ್ವೆಸ್ಟ್ ಮೂರು ಪಟ್ಟು. ಅಗಸೆ ಎಣ್ಣೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಪದೇಪದೇ ಕಂಡಿದ್ದೂ ಇದೇ. ರಕ್ತದಲ್ಲಿ ಇಪಿಎ ಸ್ವಲ್ಪ ಏರುತ್ತೆ, ಡಿಎಚ್‌ಎ ಜಾಗ ಬಿಟ್ಟು ಅಲುಗಾಡಲ್ಲ.

ಅಂಕಿ ಇಲ್ಲದೆ ನನಗೆ ಸಮಾಧಾನ ಇಲ್ಲ. ಅವ್ವನ ಹಿಂಡಿಯನ್ನೇ ಅಡುಗೆಮನೆಯ ತಕ್ಕಡಿಗೆ ಹಾಕಿದೆ. ಎರಡು ದೊಡ್ಡ ಚಮಚ ಸುಮಾರು 14 ಗ್ರಾಂ ತೂಗಿತು. ಅದರಲ್ಲಿ ಖಾರದಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕಳೆದರೆ ಅಗಸಿ 10 ಗ್ರಾಂ ಅನ್ನೋಣ. ಅಗಸಿಯ ತೂಕದಲ್ಲಿ ಐದನೇ ಒಂದು ಭಾಗಕ್ಕೂ ತುಸು ಹೆಚ್ಚು ಎಎಲ್‌ಎ ಇರುತ್ತೆ. ಹಾಗಾಗಿ ಎರಡು ಚಮಚ ಹಿಂಡಿಯಲ್ಲಿ 2.2 ಗ್ರಾಂ. ಗರ್ಭಿಣಿಗೆ ದಿನಕ್ಕೆ 1.4 ಗ್ರಾಂ ಎಎಲ್‌ಎ ಸಾಕು ಅಂತ ಅಮೆರಿಕದ ಪೋಷಣಾ ಮಾರ್ಗಸೂಚಿ ಹೇಳುತ್ತೆ. ಎಎಲ್‌ಎ ಪರೀಕ್ಷೆಯಲ್ಲಿ ಅವ್ವ ಫಸ್ಟ್ ಕ್ಲಾಸ್. ನನ್ನ ಬಾಟಲಿಯ ಗುಳಿಗೆ ಕೊಡುತ್ತಿದ್ದದ್ದು ಅರ್ಧ ಗ್ರಾಂ, ಅಂದರೆ ಅವ್ವನ ಅರ್ಧ ಚಮಚ ಹಿಂಡಿಯಷ್ಟು. ಆ ದುಡ್ಡಿಗೆ ಎಷ್ಟು ಕೇಜಿ ಅಗಸಿ ಬರುತ್ತಿತ್ತು ಅಂತ ಲೆಕ್ಕ ಹಾಕಲು ಮನಸ್ಸಾಗಲಿಲ್ಲ.

ಇನ್ನು ಡಿಎಚ್‌ಎ. ಗರ್ಭಿಣಿಗೆ ದಿನಕ್ಕೆ ಕಡಿಮೆ ಅಂದರೂ 200 ಮಿಲಿಗ್ರಾಂ ಬೇಕು ಅಂತ ವಿಶ್ವಸಂಸ್ಥೆಯ ಆಹಾರ ಸಂಘಟನೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2010ರ ವರದಿಯಲ್ಲಿ ಹೇಳಿದ್ದಾರೆ. ಹಿಂಡಿಯ 2200 ಮಿಲಿಗ್ರಾಂ ಎಎಲ್‌ಎಯಲ್ಲಿ ನೂರಕ್ಕೊಂದು ಪಾಲು ಕೊನೆಯ ಹೊಲ ಮುಟ್ಟಿದರೆ ಸಿಗೋದು 22 ಮಿಲಿಗ್ರಾಂ. ಬೇಕಾದದ್ದರ ಒಂಬತ್ತನೇ ಒಂದು ಪಾಲು.

ಇಲ್ಲೊಂದು ತಿರುವು ಇದೆ, ಅದನ್ನು ಬಚ್ಚಿಟ್ಟರೆ ಮೋಸ ಆಗುತ್ತೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2002ರಲ್ಲಿ ಗುರುತು ಹಾಕಿದ ಇಂಗಾಲವಿರುವ ಎಎಲ್‌ಎ ತಿನ್ನಿಸಿ, ಅದು ರಕ್ತದಲ್ಲಿ ಎಲ್ಲಿಗೆ ಹೋಯಿತು ಅಂತ ಬೆನ್ನಟ್ಟಿದರು. ಯುವ ಗಂಡಸರಲ್ಲಿ ನೂರಕ್ಕೆ ಸುಮಾರು 8 ಪಾಲು ಇಪಿಎ ಆಯಿತು, ಡಿಎಚ್‌ಎ ಪತ್ತೆಯೇ ಆಗಲಿಲ್ಲ. ಯುವತಿಯರಲ್ಲಿ ಇಪಿಎ 21, ಡಿಎಚ್‌ಎ 9. ಈಸ್ಟ್ರೊಜೆನ್ ಹಾರ್ಮೋನು ಆ ಗೇಟನ್ನು ಸ್ವಲ್ಪ ಮೇಲಕ್ಕೆತ್ತುತ್ತೆ ಅನ್ನೋದು ಇದಕ್ಕೆ ಕೊಡುವ ವಿವರಣೆ. ಆ 9 ಹಿಡಿದು ಲೆಕ್ಕ ಮಾಡಿದರೆ ಅವ್ವನ ಹಿಂಡಿಯಿಂದ 198 ಮಿಲಿಗ್ರಾಂ ಬರುತ್ತೆ! ಸ್ಮಿತಾಗೆ ಓಡಿ ಹೋಗಿ ಹೇಳಿದೆ. ಅವಳು ಟೆಸ್ಟಿಂಗ್ ಟೀಮಿನವಳು. "ಎಷ್ಟು ಜನರ ಮೇಲೆ ನೋಡಿದ್ದು?" ಅಂದಳು. ಬೆರಳೆಣಿಕೆಯಷ್ಟು ಜನ. "ಬೇರೆಯವರು ಮಾಡಿದಾಗ?" ಬಹಳ ಕಡಿಮೆ ಬಂದಿದೆ, ಎಷ್ಟೋ ಕಡೆ ನೂರಕ್ಕೊಂದೂ ಇಲ್ಲ. "ಅಂದ್ರೆ ನಿನ್ನ ಲ್ಯಾಪ್‌ಟಾಪಲ್ಲಿ ಓಡುತ್ತೆ, ಪ್ರೊಡಕ್ಷನ್ನಲ್ಲಿ ಗ್ಯಾರಂಟಿ ಇಲ್ಲ" ಅಂದು ದಿಂಬಿಗೆ ಒರಗಿದಳು. ಅವಳು ಹೇಳಿದ್ದೇ ಸರಿ. ಒಬ್ಬೊಬ್ಬರ ಜೀನು, ಊಟದ ಎಣ್ಣೆ, ವಯಸ್ಸು ಎಲ್ಲ ಸೇರಿ ಈ ಸಂಖ್ಯೆ ಬದಲಾಗುತ್ತೆ. ನಿಮ್ಮ ದೇಹ 9ರದ್ದೋ ಸೊನ್ನೆಯದ್ದೋ ಅಂತ ಹೊರಗಿಂದ ಕಾಣಲ್ಲ.

ಅಕ್ರೋಟಿನ ಲೆಕ್ಕವನ್ನೂ ಮುಗಿಸಿಬಿಡ್ತೀನಿ, ಯಾಕಂದ್ರೆ ನಮ್ಮ ಅತ್ತೆ ಆ ಪಕ್ಷದವರು. ಒಂದು ಹಿಡಿ, ಅಂದರೆ 28 ಗ್ರಾಂ ಅಕ್ರೋಟಿನಲ್ಲಿ ಎಎಲ್‌ಎ 2.5 ಗ್ರಾಂ. ಅಗಸಿಯಷ್ಟೇ ಆಯ್ತಲ್ಲ ಅನ್ನಿಸುತ್ತೆ. ಆದರೆ ಅದೇ ಹಿಡಿಯಲ್ಲಿ ಲಿನೋಲಿಕ್ 11 ಗ್ರಾಂ ಹತ್ತಿರ ಇದೆ. ಒಬ್ಬ ಅತಿಥಿಯ ಜೊತೆ ನಾಲ್ಕು ಜನ ಪೈಪೋಟಿಗಾರರನ್ನೂ ಕರೆತರುವ ನೆಂಟ ಅದು. ಅಗಸಿಯಲ್ಲಿ ಇದು ತಿರುವುಮುರುವು, ಒಬ್ಬ ಲಿನೋಲಿಕ್‌ಗೆ ಮೂರು-ನಾಲ್ಕು ಎಎಲ್‌ಎ. ಅಕ್ರೋಟು ಒಳ್ಳೆಯ ತಿನಿಸು, ತಿನ್ನಿ. ಡಿಎಚ್‌ಎಗಾಗಿ ಮಾತ್ರ ತಿನ್ನಬೇಡಿ.

ಇಷ್ಟೆಲ್ಲ ಓದಿದ ಮೇಲೆ ನನ್ನೊಳಗಿನ ಊರಿನವನು ಒಂದು ಕೊನೆಯ ವಾದ ಹೂಡಿದ. ಈ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಬಂದಿದ್ದೇ ಎಡವಟ್ಟು, ನಮ್ಮಜ್ಜಿ ಕಾಲದ ಗಾಣದ ಕುಸುಬಿ ಎಣ್ಣೆ ಇದ್ದಿದ್ದರೆ ಗೇಟು ಖಾಲಿ ಇರುತ್ತಿತ್ತು ಅಂತ. ಹುಡುಕಿ ನೋಡಿದೆ. ನಮ್ಮ ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಮುಕ್ಕಾಲು ಪಾಲು, ಅಂದರೆ ಸೂರ್ಯಕಾಂತಿಗಿಂತಲೂ ಹೆಚ್ಚು. ಅಜ್ಜಿಯ ಅಡುಗೆಮನೆಯಲ್ಲೂ ಗೇಟಿನ ಮುಂದೆ ಇದೇ ನೂಕುನುಗ್ಗಲು ಇತ್ತು. ಅಜ್ಜಿ ಗೆದ್ದಿದ್ದು ಎಣ್ಣೆಯ ಜಾತಿಯಲ್ಲಲ್ಲ, ಅಳತೆಯಲ್ಲಿರಬೇಕು. ಅವಳ ಒಗ್ಗರಣೆಗೆ ಎಣ್ಣೆ ಹನಿ ಲೆಕ್ಕದಲ್ಲಿ ಬೀಳುತ್ತಿತ್ತು, ನಮ್ಮ ಮನೆಗೆ ಐದು ಲೀಟರಿನ ಕ್ಯಾನು ಬರುತ್ತೆ.

ಹಾಗಾದರೆ ಮೀನಿಗೆ ಡಿಎಚ್‌ಎ ಎಲ್ಲಿಂದ ಬರುತ್ತೆ? ಈ ಪ್ರಶ್ನೆ ನಾನು ಮೊದಲೇ ಕೇಳಬೇಕಿತ್ತು. ಮೀನು ಅದನ್ನು ಬಹುತೇಕ ತಾನು ತಯಾರಿಸಲ್ಲ. ಸಮುದ್ರದ ಸೂಕ್ಷ್ಮ ಪಾಚಿ ತಯಾರಿಸುತ್ತೆ, ಅದನ್ನು ಸಣ್ಣ ಜೀವಿ ತಿನ್ನುತ್ತೆ, ಅದನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು. ನಾವು ಮೀನನ್ನು ಬಿಟ್ಟು ನೇರ ಪಾಚಿಯ ಹತ್ತಿರವೇ ಹೋದರೆ ಮುಗೀತು. ಹಾಗೆ ಹೋದವರು ಇದ್ದಾರೆ. ಸ್ಕೈಜೋಕೈಟ್ರಿಯಂ ಅನ್ನೋ ಪಾಚಿಯಂಥ ಸೂಕ್ಷ್ಮಜೀವಿಯನ್ನು ಮುಚ್ಚಿದ ಸ್ಟೀಲ್ ಟ್ಯಾಂಕುಗಳಲ್ಲಿ ಬೆಳೆಸುತ್ತಾರೆ. ಅದಕ್ಕೆ ಬಿಸಿಲೂ ಬೇಡ, ಸಮುದ್ರವೂ ಬೇಡ, ಸಕ್ಕರೆ ಹಾಕಿದರೆ ಕತ್ತಲಲ್ಲೇ ಬೆಳೆದು ಮೈತುಂಬ ಎಣ್ಣೆ ಕೂಡಿಟ್ಟುಕೊಳ್ಳುತ್ತೆ. ಅದನ್ನು ಒಡೆದು ಎಣ್ಣೆ ತೆಗೆಯುತ್ತಾರೆ. ಅಮೆರಿಕದಲ್ಲಿ ಇಂಥದೇ ಪಾಚಿ ಮೂಲದ ಡಿಎಚ್‌ಎ ಎಣ್ಣೆಯನ್ನು ಹಸುಗೂಸುಗಳ ಹಾಲಿನ ಪುಡಿಗೆ ಸೇರಿಸಲು 2001ರಲ್ಲೇ ದಾರಿ ತೆರೆಯಿತು. ಗುಳಿಗೆಯ ಪಾಚಿ ಎಣ್ಣೆಯೂ ಬೇಯಿಸಿದ ಸಾಲ್ಮನ್ ಮೀನೂ ರಕ್ತಕ್ಕೆ ಡಿಎಚ್‌ಎ ಸೇರಿಸೋದರಲ್ಲಿ ಸಮಸಮ ಅಂತ 2008ರ ಒಂದು ಅಧ್ಯಯನ ತೋರಿಸಿದೆ. ಇಲ್ಲಿ ಗೇಟೂ ಇಲ್ಲ, ಕಾಲುವೆಯೂ ಇಲ್ಲ. ಕೊನೆಯ ಹೊಲದಲ್ಲೇ ಬೋರು ಹೊಡೆಸಿದ ಹಾಗೆ.

ಮರುದಿನ ಮೆಡಿಕಲ್ ಶಾಪಿಗೆ ಹೋದಾಗ ಬಾಟಲಿಗಳ ಮುಖ ನೋಡದೆ ಬೆನ್ನನ್ನೇ ನೋಡಿದೆ. ನೀವೂ ಹಾಗೇ ಮಾಡಿ. "ಎಣ್ಣೆ 1000 ಮಿಲಿಗ್ರಾಂ" ಅನ್ನೋದು ಡಬ್ಬಿಯ ಅಳತೆ, ಒಳಗಿನ ಸರಕಿನದ್ದಲ್ಲ. "ಒಟ್ಟು ಒಮೆಗಾ 3" ಅನ್ನೋದು ಮನೆತನದ ಹೆಸರು. ಡಿಎಚ್‌ಎ ಅಂತ ಪ್ರತ್ಯೇಕ ಸಾಲು ಇರಬೇಕು, ಅದರ ಮುಂದೆ ಮಿಲಿಗ್ರಾಂ ಇರಬೇಕು, ಆ ಅಂಕಿ ಒಂದು ಗುಳಿಗೆಗೋ ಎರಡಕ್ಕೋ ಅಂತ ನೋಡಬೇಕು. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಅದು ಪಾಚಿ ಎಣ್ಣೆ ಅಲ್ಲ, ಅಗಸೆಗೂ ಹಸಿರು ಚುಕ್ಕೆಯೇ. ಕೆಲವದರಲ್ಲಿ ಎಣ್ಣೆ ಪಾಚಿಯದ್ದಾದರೂ ಗುಳಿಗೆಯ ಹೊರಕವಚ ಜೆಲಟಿನ್, ಅಂದರೆ ಪ್ರಾಣಿ ಮೂಲದ್ದು. ನಮ್ಮಂಥ ಮನೆಗೆ ಅದೂ ಮುಖ್ಯ. ಕೊನೆಗೆ 200 ಮಿಲಿಗ್ರಾಂ ಡಿಎಚ್‌ಎ, ಪಾಚಿ ಮೂಲ, ಸಸ್ಯದ ಕವಚ ಅಂತ ಮೂರೂ ಇದ್ದದ್ದು ಸಿಕ್ಕಿತು. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, "ಸರಿ, ರಾತ್ರಿ ಊಟದ ಜೊತೆ" ಅಂತ ಉತ್ತರ ಬಂದ ಮೇಲೆ ದುಡ್ಡು ಕೊಟ್ಟೆ. ಎಣ್ಣೆ ಅಂಶ ಇರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಹೀರುತ್ತೆ.

ಏಳನೇ ತಿಂಗಳಲ್ಲಿ ಅವ್ವ ಬಂದಳು. ಬಂದ ಎರಡನೇ ದಿನವೇ ಫ್ರಿಜ್ಜಿನ ಮೇಲಿದ್ದ ಗುಳಿಗೆಯ ಬಾಟಲಿ ಅವಳ ಕಣ್ಣಿಗೆ ಬಿತ್ತು.

"ಏನೋ ತಮ್ಮಾ ಇದು?"

ಹೇಳಿದೆ.

"ಮೀನಿಂದೇನ?"

"ಅಲ್ಲಬೇ. ಪಾಚಿದು."

"ಕೆರ್‍ಯಾಗಿಂದು? ಹಸರ ಪಾಚಿ?" ಅವಳ ಮುಖ ನೋಡಬೇಕಿತ್ತು. "ಮನ್ಯಾಗ ಇಷ್ಟ ಹಿಂಡಿ ಇಟಗೊಂಡು ಪಾಚಿ ತಿನಸ್ತೀಯೇನೋ ಸೊಸಿಗೆ?"

ಕಾಲುವೆಯ ಕಥೆ ಹೇಳಿದೆ. ಅಗಸಿ ಡ್ಯಾಮು, ಮೇಲಿನ ಹೊಲದವರು, ಎರಡು ಸಲ ದಾಟಬೇಕಾದ ಗೇಟು, ಕೊನೆಯ ಹೊಲ. ಅವಳಿಗೆ ಇಂಗಾಲ ಗೊತ್ತಿಲ್ಲ, ಆದರೆ ಕೊನೆಯ ಹೊಲ ಅಂದರೇನು ಅಂತ ನನಗಿಂತ ಚೆನ್ನಾಗಿ ಗೊತ್ತು. ಪೂರ್ತಿ ಕೇಳಿದಳು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದಳು.

"ಹಂಗಾರ ನೀ ಹೊಟ್ಟ್ಯಾಗ ಇದ್ದಾಗ ನಾ ನಿನಗ ಏನೂ ಕೊಡಲೇ ಇಲ್ಲೇನು?"

ಇದಕ್ಕೆ ನಾನು ತಯಾರಾಗಿರಲಿಲ್ಲ. ಅಂಕಿಗಳ ಹಿಂದೆ ಓಡುವಾಗ ಈ ಅಂಕಿ ಯಾರ ತಟ್ಟೆಯ ಮೇಲೆ ತೀರ್ಪು ಕೊಡುತ್ತೆ ಅಂತ ಯೋಚಿಸಿರಲೇ ಇಲ್ಲ.

ಅದೃಷ್ಟಕ್ಕೆ ಉತ್ತರ ಓದಿದ್ದರಲ್ಲೇ ಇತ್ತು. ಗರ್ಭದಲ್ಲಿರುವ ಮಗು ತನಗೆ ಬೇಕಾದ ಡಿಎಚ್‌ಎಯನ್ನು ಪಡೆಯೋದು ಮಾಸುಚೀಲದ ಮೂಲಕ, ತಾಯಿಯ ರಕ್ತದಿಂದ. ಮಾಸುಚೀಲ ಬೇರೆ ಕೊಬ್ಬಿನಾಮ್ಲಗಳಿಗಿಂತ ಡಿಎಚ್‌ಎಗೆ ಆದ್ಯತೆ ಕೊಟ್ಟು ಮಗುವಿನ ಕಡೆ ಸಾಗಿಸುತ್ತೆ. ತಾಯಿಯ ಊಟದಲ್ಲಿ ಬರದಿದ್ದರೆ ಅವಳ ಮೈಯಲ್ಲಿ ಕೂಡಿಟ್ಟದ್ದು ಹೊರಗೆ ಬರುತ್ತೆ. ಹೆರಿಗೆ ಹತ್ತಿರ ಬಂದ ಹಾಗೆ ತಾಯಿಯ ರಕ್ತದಲ್ಲಿ ಡಿಎಚ್‌ಎ ಪಾಲು ಇಳಿಯುತ್ತೆ. "ಇಲ್ಲಬೇ, ನೀ ಕೊಟ್ಟಿ. ಊಟದಾಗಿಂದ ಸಾಲದೇ ಬಂದದ್ದನ್ನ ನಿನ್ನ ಮೈಯಾಗಿಂದ ತೆಗೆದು ಕೊಟ್ಟಿ" ಅಂದೆ.

ಅವ್ವ ಏನೂ ಅನ್ನಲಿಲ್ಲ. ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟಳು. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಸ್ಮಿತಾಳ ತಟ್ಟೆಯ ಪಕ್ಕ ಹಿಂಡಿ, ತುಪ್ಪದ ಜೊತೆ ಒಂದು ಗುಳಿಗೆಯೂ ಇತ್ತು. ನಾನಿಟ್ಟದ್ದಲ್ಲ.

ನಾನು ಗುಳಿಗೆಯ ಪ್ರಚಾರಕ ಅಂದುಕೊಳ್ಳಬೇಡಿ, ಇನ್ನೊಂದು ಮುಖವನ್ನೂ ಹೇಳ್ತೀನಿ. ಈ ವಿಷಯದ ಒಂದು ಮುಖ್ಯ ಪ್ರಯೋಗ ನಡೆದಿರೋದು ನಮ್ಮ ಬೆಳಗಾವಿಯಲ್ಲೇ. ಡಿಎಚ್‌ಎಎನ್‌ಐ ಅನ್ನೋ ಅಧ್ಯಯನದಲ್ಲಿ 950ಕ್ಕೂ ಹೆಚ್ಚು ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 400 ಮಿಲಿಗ್ರಾಂ ಡಿಎಚ್‌ಎ, ಇನ್ನೊಂದಕ್ಕೆ ಬರೀ ಎಣ್ಣೆಯ ಗುಳಿಗೆ, ಹೆರಿಗೆಯಾಗಿ ಆರು ತಿಂಗಳವರೆಗೆ ಕೊಟ್ಟರು. ಒಂದು ವರ್ಷದ ಮಕ್ಕಳ ಬೆಳವಣಿಗೆ ಅಳೆದಾಗ ಎರಡೂ ಗುಂಪಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ "ಕೂಸಿನ ತಲಿ ಚುರುಕ ಆಗತೈತಿ" ಅಂತ ಅವ್ವ ಹಿಂಡಿ ಬಗ್ಗೆ ಹೇಳಿದರೂ ಅಷ್ಟೇ, ಜಾಹೀರಾತು ಗುಳಿಗೆ ಬಗ್ಗೆ ಹೇಳಿದರೂ ಅಷ್ಟೇ. ಗಟ್ಟಿ ಪುರಾವೆ ಇರೋದು ಬೇರೆ ಕಡೆ. 70 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2018ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಗರ್ಭಿಣಿಯರು ಈ ಉದ್ದ ಸರಪಳಿಯ ಒಮೆಗಾ 3 ತಗೊಂಡಾಗ 34 ವಾರಕ್ಕೂ ಮೊದಲೇ ಆಗುವ ಹೆರಿಗೆ ನೂರಕ್ಕೆ 4.6ರಿಂದ 2.7ಕ್ಕೆ ಇಳಿದಿದೆ. ದಿನ ತುಂಬಿ ಹುಟ್ಟೋದಕ್ಕಿಂತ ದೊಡ್ಡ ಚುರುಕುತನ ಇನ್ಯಾವುದಿದೆ?

ಗರ್ಭಿಣಿಯೂ ಅಲ್ಲದ, ಹಾಲೂಡಿಸುತ್ತಲೂ ಇಲ್ಲದ ಆರೋಗ್ಯವಂತ ಸಸ್ಯಾಹಾರಿಗೆ ಈ ಗುಳಿಗೆ ಬೇಕೇ ಬೇಕು ಅನ್ನುವಷ್ಟು ಪುರಾವೆ ನನಗೆ ಕಾಣಲಿಲ್ಲ. ಅದಕ್ಕೇ ನಾನು ತಗೊಳ್ಳಲ್ಲ. ನನಗೆ ಹಿಂಡಿಯೇ ಸಾಕು. ಆದರೆ ಅದನ್ನೂ ನೆಟ್ಟಗೆ ತಿನ್ನೋದು ಕಲಿತಿದ್ದೀನಿ. ಇಡೀ ಅಗಸಿಯನ್ನು ಮೊಸರಿಗೆ ಉದುರಿಸಿಕೊಂಡು ತಿನ್ನುವ ನಮ್ಮ ಪ್ಯಾಂಟ್ರಿಯ ಗೆಳೆಯರಿಗೆ ಬಹಳಷ್ಟು ಕಾಳು ಹೋದ ಹಾಗೇ ಹೊರಗೆ ಬಂದಿರುತ್ತೆ. ಆ ನುಣುಪು ಸಿಪ್ಪೆ ಅಷ್ಟು ಗಟ್ಟಿ. ಪುಡಿ ಮಾಡಲೇಬೇಕು. ಪುಡಿ ಮಾಡಿದ ಮೇಲೆ ಗಾಳಿ ತಾಗಿ ಕೆಡುತ್ತೆ, ಅದಕ್ಕೆ ಕಾರಣ ಎಎಲ್‌ಎಯ ಆ ಮೂರು ಜೋಡಿಬಂಧಗಳೇ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಎಣ್ಣೆ ಅಂದರೆ ಇದೇ ಅಗಸೆ ಎಣ್ಣೆ. ಅದು ಗಾಳಿಯ ಆಮ್ಲಜನಕ ಹೀರಿ ಪೊರೆಗಟ್ಟುತ್ತೆ, ಅದಕ್ಕೇ ಬಣ್ಣಕ್ಕೂ ಬಳಸುತ್ತಾರೆ. ನಿಮ್ಮ ಹಿಂಡಿ ಪೇಂಟಿನ ವಾಸನೆ ಹೊಡೆದರೆ, ನಾಲಿಗೆಗೆ ಕಹಿ ಹತ್ತಿದರೆ, ಬಿಸಾಕಿ. ಅಂಗಡಿಯ ಬ್ಯಾಟಿನ ಎಣ್ಣೆಯನ್ನು ಮಾತ್ರ ಬಾಯಿಗೆ ಹಾಕಬೇಡಿ, ಅದಕ್ಕೆ ಬೇಗ ಒಣಗಲಿ ಅಂತ ಏನೇನೋ ಬೆರೆಸಿರಬಹುದು.

ಮಗಳಿಗೆ ಈಗ ಎರಡು ವರ್ಷ. ಚುರುಕಾಗಿದ್ದಾಳೆ, ಅದರ ಕೀರ್ತಿ ಹಿಂಡಿಗೋ ಪಾಚಿಗೋ ಅಂತ ಕೇಳಿದರೆ ಬೆಳಗಾವಿಯ ಲೆಕ್ಕ ನೋಡಿ ಬಾಯಿ ಮುಚ್ಚಿಕೊಳ್ತೀನಿ. ಊರಿನ ಪಾರ್ಸೆಲ್ ಈಗಲೂ ಬರುತ್ತೆ. ಆದರೆ ಎರಡು ಕೇಜಿ ಹಿಂಡಿ ಒಟ್ಟಿಗೆ ಬರಲ್ಲ. ಒಂದು ಸಣ್ಣ ಡಬ್ಬಿ ಹಿಂಡಿ, ಅದರ ಜೊತೆ ಚೀಲದಲ್ಲಿ ಹುರಿಯದ ಇಡೀ ಅಗಸಿ. "ಬೇಕಾದಾಗ ಹುರದು ಕುಟಗೋರಿ, ಗಾಳಿ ಹತ್ತಿ ಕೆಡತೈತಂತಲ್ಲ" ಅಂತಾಳೆ ಅವ್ವ, ನನಗೆ ಗೊತ್ತಿಲ್ಲದ ಸಂಗತಿ ಹೇಳುವ ಹಾಗೆ.

ಮೊನ್ನೆ ಫೋನು ಮಾಡಿದ್ದಳು. ತಂಗಿಗೆ ಈಗ ಮೂರು ತಿಂಗಳು. "ಆ ಪಾಚಿ ಗುಳಗಿ ಹೆಸರು ಚೀಟ್ಯಾಗ ಬರದು ಕಳಸು" ಅಂದಳು. ಆಮೇಲೆ ದನಿ ಸಣ್ಣ ಮಾಡಿ, "ಬೀಗರ ಮುಂದ ಪಾಚಿ ಅಂತ ಅನಬ್ಯಾಡ ಮತ್ತ" ಅಂತ ಸೇರಿಸಿದಳು.